ಹೆಸರಿಗೆ ಐದು ಸೆಕೆಂಡು

ಕಂಪನಿಗಳ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರ ಭಾಷಣಕ್ಕೆ ಮುಂಚೆ ಆರೇಳು ನಿಮಿಷದ ವಿಡಿಯೊ ತೋರಿಸುವುದು ಈಗ ವಾಡಿಕೆಯಾಗಿದೆ. ಹೋದ ವರ್ಷ ಏನೇನಾಯಿತು, ಎಲ್ಲಿ ಹೊಸ ಘಟಕ ಶುರುವಾಯಿತು, ವಹಿವಾಟು ಎಷ್ಟು, ಯಾರ ಕೆಲಸಕ್ಕೆ ಮೆಚ್ಚುಗೆ ಸಿಕ್ಕಿತು ಎಂಬುದೆಲ್ಲ ಅದರಲ್ಲಿರುತ್ತದೆ. ಹಿನ್ನೆಲೆಯ ದನಿ ಆಡುವ ಮಾತನ್ನು ಒಬ್ಬ ಲೇಖಕರಿಂದ ಬರೆಸುತ್ತಾರೆ. ಆ ಬರಹ ಮೂರು ನಾಲ್ಕು ಮೇಜು ಹಾದು, ತಿದ್ದಿಸಿಕೊಂಡು, ಒಪ್ಪಿಗೆ ಪಡೆದು ಬರುತ್ತದೆ. ಆದರೆ ಪರದೆಯ ಮೇಲೆ ಮೂಡುವ ಅಕ್ಷರಗಳಿಗೆ, ಅಂದರೆ ಮಾತಾಡುವವರ ಹೆಸರು, ಹುದ್ದೆ, ಊರು, ಅಂಕಿ, ಅಧ್ಯಾಯದ ಶೀರ್ಷಿಕೆಗಳಿಗೆ ಬಹಳ ಕಡೆ ಲೇಖಕರೇ ಇರುವುದಿಲ್ಲ. ಎಡಿಟಿಂಗ್ ಮುಗಿಯುವ ಹೊತ್ತಿಗೆ ಅವು ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದಾಗಿ ಬಂದು ಬೀಳುತ್ತವೆ. ಎಡಿಟರ್ ಬಂದದ್ದನ್ನು ಬಂದಂತೆ ಕೂರಿಸುತ್ತಾರೆ. ಸಭಾಂಗಣದಲ್ಲಿ ನೂರಾರು ಜನರ ಮುಂದೆ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಮಾತಾಡುವವರ ಎದೆಯ ಮಟ್ಟದಲ್ಲಿ, ಪರದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬರುವ ಹೆಸರಿನ ಪಟ್ಟಿಯನ್ನು ಲೋಯರ್ ಥರ್ಡ್ ಎನ್ನುತ್ತಾರೆ. ನಮ್ಮ ಸುದ್ದಿ ವಾಹಿನಿಗಳಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಅದು ಆಸ್ಟನ್. ಪರದೆಗೆ ಅಕ್ಷರ ಮೂಡಿಸುವ ಯಂತ್ರ ತಯಾರಿಸುತ್ತಿದ್ದ ಬ್ರಿಟನ್ನಿನ ಕಂಪನಿಯೊಂದರ ಹೆಸರು ಹಾಗೇ ಉಳಿದುಕೊಂಡಿದೆ. ಇಡೀ ಪರದೆ ತುಂಬುವ ಶೀರ್ಷಿಕೆ, ದೃಶ್ಯದ ಮೇಲೆ ಬರುವ ಅಂಕಿ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೇಗೆ ದಾಟಬೇಕೆಂಬ ಸೂಚನೆ, ಇವೆಲ್ಲವನ್ನೂ ಸೇರಿಸಿ ಮಾಡುವ ಪಟ್ಟಿಗೆ ಗ್ರಾಫಿಕ್ಸ್ ಶೀಟ್ ಎಂಬ ಹೆಸರುಂಟು. ಹಿನ್ನೆಲೆ ಮಾತಿನ ಜೊತೆಜೊತೆಗೇ, ಎಡಿಟಿಂಗ್‌ಗೆ ಮುಂಚೆ ಈ ಶೀಟ್ ಬರೆದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಕಾರಣ ಇಷ್ಟೆ: ದನಿ ಒಂದು ಹೇಳುತ್ತಿರುವಾಗ ಅಕ್ಷರ ಇನ್ನೊಂದು ಹೇಳಿದರೆ ನೋಡುವವರಿಗೆ ಎರಡೂ ದಕ್ಕುವುದಿಲ್ಲ. ಯಾವುದನ್ನು ಕಿವಿಗೆ ಬಿಡಬೇಕು, ಯಾವುದನ್ನು ಕಣ್ಣಿಗೆ ಕೊಡಬೇಕು ಎಂಬ ಹಂಚಿಕೆ ಎರಡನ್ನೂ ಒಟ್ಟಿಗೆ ಬರೆಯುವಾಗ ಮಾತ್ರ ಸಾಧ್ಯ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ಕೈಗಾರಿಕೆಗಳಿಗೆ ವಾಲ್ವ್ ತಯಾರಿಸುವ ಒಂದು ಕಂಪನಿ. ತುಮಕೂರಿನ ಹತ್ತಿರ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಎರಡನೇ ಘಟಕ ತೆರೆದಿದೆ. ವಿಡಿಯೊದಲ್ಲಿ ಆ ಘಟಕಕ್ಕೆ ಮೀಸಲಾದದ್ದು ನಲವತ್ತೈದು ಸೆಕೆಂಡಿನ ತುಂಡು. ಮೊದಲ ಕರಡಿನಲ್ಲಿ ಘಟಕದ ಹೆಬ್ಬಾಗಿಲು ಕಾಣುವಾಗ ದನಿ ಹೀಗೆ ಹೇಳುತ್ತದೆ: “ತುಮಕೂರು ಜಿಲ್ಲೆಯ ವಸಂತನರಸಾಪುರದಲ್ಲಿ ನಮ್ಮ ಎರಡನೇ ಘಟಕ ಕಾರ್ಯಾರಂಭ ಮಾಡಿತು.” ಅದೇ ಹೊತ್ತಿಗೆ ಪರದೆಯಲ್ಲಿ: “ತುಮಕೂರು ಜಿಲ್ಲೆಯ ವಸಂತನರಸಾಪುರದಲ್ಲಿ ಎರಡನೇ ಘಟಕ ಕಾರ್ಯಾರಂಭ.” ಒಂದೇ ವಾಕ್ಯ ಎರಡು ಸಲ ಬಂತು. ಓದುವ ಕಣ್ಣು ಕೇಳುವ ಕಿವಿಗಿಂತ ಮುಂದೆ ಓಡುತ್ತದೆ. ಅಕ್ಷರ ಓದಿ ಮುಗಿಸಿದವರು ದನಿ ಮುಗಿಯುವುದನ್ನು ಸುಮ್ಮನೆ ಕಾಯುತ್ತಾರೆ, ಹೆಬ್ಬಾಗಿಲನ್ನು ನೋಡುವುದೇ ಇಲ್ಲ.

ತಿದ್ದಿದ ಶೀಟ್‌ನಲ್ಲಿ ಊರಿನ ಹೆಸರು ಪರದೆಗೆ ಹೋಗುತ್ತದೆ. ಮೇಲೆ “ಎರಡನೇ ಘಟಕ”, ಕೆಳಗೆ ಚಿಕ್ಕದಾಗಿ “ವಸಂತನರಸಾಪುರ, ತುಮಕೂರು ಜಿಲ್ಲೆ”. ನಾಲ್ಕು ಸೆಕೆಂಡು ಸಾಕು. ದನಿಗೆ ಈಗ ಬೇರೆ ಕೆಲಸ ಸಿಕ್ಕಿತು: “ಪೀಣ್ಯದಲ್ಲಿ ಜಾಗ ಸಾಲದೆ ಹೋದಾಗಿನಿಂದ ಈ ದಿನಕ್ಕೆ ಕಾಯುತ್ತಿದ್ದೆವು.” ಹೆಸರು, ಊರು, ದಿನಾಂಕ ಕಣ್ಣಿಗೆ, ಕಾರಣ, ಕಥೆ ಕಿವಿಗೆ. ಅಂಕಿಯನ್ನು ಮಾತ್ರ ಎರಡಕ್ಕೂ ಕೊಡಬೇಕು ಎಂಬುದು ನನ್ನ ನಿಲುವು. ಸಭೆಗೆ ಬರುವ ಷೇರುದಾರರಲ್ಲಿ ವಯಸ್ಸಾದವರು ಹೆಚ್ಚು. ಹಿಂದಿನ ಸಾಲಿನಲ್ಲಿ ಕೂತವರಿಗೆ ಪರದೆ ಸ್ಪಷ್ಟವಾಗಿ ಕಾಣದಿದ್ದರೂ ವಹಿವಾಟು ಎಷ್ಟೆಂದು ಕೇಳಿಸಬೇಕು.

ಮುಂದೆ ಆ ಘಟಕದ ಶಿಫ್ಟ್ ಮೇಲ್ವಿಚಾರಕಿಯ ಮಾತು ಬರುತ್ತದೆ. ವೃತ್ತಿಯವರ ಮಾತಿನಲ್ಲಿ ಹೇಳುವುದಾದರೆ ಬೈಟ್. ಅದು 02:22:00ಕ್ಕೆ ಶುರು. ಎರಡನೇ ನಿಮಿಷ, ಇಪ್ಪತ್ತೆರಡನೇ ಸೆಕೆಂಡು, ಸೊನ್ನೆ ಫ್ರೇಮ್ ಎಂದು ಓದಿಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ ಕೆಲಸ ನಡೆಯುವುದರಿಂದ ಕೊನೆಯ ಅಂಕಿ 24ರ ತನಕ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಮೇಲ್ವಿಚಾರಕಿಯ ಮುಖ 02:31:00ರ ತನಕ ಇದ್ದು, ಆಮೇಲೆ ಅವರ ದನಿ ಮುಂದುವರಿಯುತ್ತಲೇ ದೃಶ್ಯ ಯಂತ್ರದ ಕಡೆಗೆ ಹೋಗುತ್ತದೆ. ಹೆಸರಿನ ಪಟ್ಟಿ ಯಾವಾಗ ಬರಬೇಕು?

ಮುಖ ಕಂಡ ಕೂಡಲೇ ಬೇಡ. ನೋಡುವವರು ಮೊದಲು ಮುಖವನ್ನು ನೋಡುತ್ತಾರೆ, ದನಿಯನ್ನು ಗುರುತಿಸಿಕೊಳ್ಳುತ್ತಾರೆ. ಅದಕ್ಕೆ ಒಂದು ಸೆಕೆಂಡು ಬಿಟ್ಟು 02:23:00ಕ್ಕೆ ಪಟ್ಟಿ ಬರಲಿ, 02:28:00ಕ್ಕೆ ಹೋಗಲಿ. ಒಟ್ಟು ಐದು ಸೆಕೆಂಡು, ಅಂದರೆ 125 ಫ್ರೇಮ್. ಒಳಗೆ ಸರಿದು ಬರಲು 12, ಹೊರಗೆ ಸರಿಯಲು 12 ಫ್ರೇಮ್ ಕಳೆದರೆ ನೆಟ್ಟಗೆ ನಿಂತು ಓದಿಸಿಕೊಳ್ಳುವ ಸಮಯ ನಾಲ್ಕು ಸೆಕೆಂಡು. ಪಟ್ಟಿ ಹೋದ ಮೇಲೂ ಮೂರು ಸೆಕೆಂಡು ಮುಖ ಉಳಿಯುತ್ತದೆ. ಈ ಬಿಡುವು ಮುಖ್ಯ. ಶೀಟ್ ಇಲ್ಲದೆ ಎಡಿಟ್ ಮಾಡಿದಾಗ ತುಂಬ ಸಲ ಕಾಣುವ ತಪ್ಪೆಂದರೆ, ಪಟ್ಟಿ ತಡವಾಗಿ ಬಂದು ದೃಶ್ಯ ಬದಲಾದ ಮೇಲೂ ನಿಂತಿರುವುದು. ಆಗ ಮೇಲ್ವಿಚಾರಕಿಯ ಹೆಸರು ಲೇತ್ ಯಂತ್ರದ ಕೆಳಗೆ ಕಾಣುತ್ತದೆ, ಇಲ್ಲವೇ ಪಕ್ಕದಲ್ಲಿ ಕೆಲಸ ಮಾಡುತ್ತಿರುವ ಬೇರೆಯವರಿಗೆ ಅಂಟಿಕೊಳ್ಳುತ್ತದೆ. ಬೈಟ್‌ನಲ್ಲಿ ಮುಖ ಮೂರೇ ಸೆಕೆಂಡು ಕಾಣುವುದಾದರೆ ಅಲ್ಲಿ ಪಟ್ಟಿ ಹಾಕುವ ಪ್ರಯತ್ನವನ್ನೇ ಬಿಟ್ಟು, ಅದೇ ವ್ಯಕ್ತಿ ಹೆಚ್ಚು ಹೊತ್ತು ಕಾಣುವ ಜಾಗ ಹುಡುಕಬೇಕು. ಅಂಥ ಜಾಗ ಇಲ್ಲವೆಂದು ಎಡಿಟ್‌ಗೆ ಮುಂಚೆಯೇ ತಿಳಿದರೆ ಮುಖವನ್ನು ಇನ್ನೂ ಎರಡು ಸೆಕೆಂಡು ಹಿಡಿದಿಡಲು ಹೇಳಬಹುದು.

ಇನ್ನು ಆ ಪಟ್ಟಿಯ ಒಳಗಿನ ಮಾತು. ಮಾನವ ಸಂಪನ್ಮೂಲ ವಿಭಾಗ ಕಳಿಸಿದ ಹುದ್ದೆ ಹೀಗಿದೆ ಎನ್ನೋಣ: “ಹಿರಿಯ ಸಹಾಯಕ ಮೇಲ್ವಿಚಾರಕರು – ಉತ್ಪಾದನೆ, ಜೋಡಣೆ ಮತ್ತು ಗುಣಮಟ್ಟ ನಿಯಂತ್ರಣ, ಘಟಕ 2.” ದಾಖಲೆಗೆ ಇದು ಸರಿ, ಪರದೆಗೆ ಆಗದು. ಪರೀಕ್ಷೆ ಸುಲಭವಾದದ್ದು. ಈ ವಿಡಿಯೊವನ್ನು ಹಿಂದೆ ನೋಡಿರದ ಒಬ್ಬರಿಗೆ ಆ ಸಾಲು ಕೊಟ್ಟು ಜೋರಾಗಿ ಓದಿಸಿ, ಗಡಿಯಾರ ನೋಡಿ. ನಾಲ್ಕು ಸೆಕೆಂಡಿನೊಳಗೆ ಹೆಸರು, ಹುದ್ದೆ ಎರಡೂ ಆರಾಮವಾಗಿ ಮುಗಿಯದಿದ್ದರೆ ಸಾಲು ಉದ್ದವಾಯಿತೆಂದು ಅರ್ಥ. ಮನಸ್ಸಿನಲ್ಲಿ ಓದುವುದು ಇದಕ್ಕಿಂತ ಬೇಗ ಆಗುತ್ತದೆ ನಿಜ, ಆದರೆ ಸಭೆಯಲ್ಲಿ ಓದುವವರು ಜೊತೆಗೆ ಆ ಮಹಿಳೆ ಹೇಳುವುದನ್ನೂ ಕೇಳುತ್ತಿರುತ್ತಾರೆ. “ಶಿಫ್ಟ್ ಮೇಲ್ವಿಚಾರಕಿ, ಜೋಡಣಾ ವಿಭಾಗ” ಎಂದರೆ ಸಾಕು. ಘಟಕ ಯಾವುದೆಂದು ಹತ್ತು ಸೆಕೆಂಡಿನ ಹಿಂದಷ್ಟೇ ಪರದೆ ಹೇಳಿದೆ.

ಹೆಸರಿನ ವಿಷಯದಲ್ಲಿ ಮಾತ್ರ ಯಾರ ಪಟ್ಟಿಯನ್ನೂ ಪೂರ್ತಿ ನಂಬಬಾರದು. ಸಂಬಳದ ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುವ ಹೆಸರನ್ನು ಕನ್ನಡಕ್ಕೆ ತರುವಾಗ ಶಾಂತ ಶಾಂತಾ ಆಗುತ್ತಾಳೆ, ಲೋಕೇಶ ಲೋಕೇಶ್ ಆಗುತ್ತಾನೆ, ಇನಿಷಿಯಲ್ ಹಿಂದಿನದು ಮುಂದೆ ಬರುತ್ತದೆ. ಚಿತ್ರೀಕರಣದ ದಿನವೇ ಅವರ ಕೈಯಿಂದಲೇ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿಕೊಂಡು ಆ ಚೀಟಿಯನ್ನು ಕ್ಯಾಮೆರಾಕ್ಕೆ ತೋರಿಸಿ ದಾಖಲಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರ ಹೆಸರು ದೊಡ್ಡ ಪರದೆಯ ಮೇಲೆ ಬರುವುದು ಒಂದೇ ಸಲ ಇರಬಹುದು. ಅದು ಅವರು ಬರೆಯುವಂತೆಯೇ ಇರಬೇಕು. ಗೌರವಸೂಚಕಗಳಿಗೂ ಇದೇ ಮಾತು: ನಿರ್ದೇಶಕರಿಗೆ “ಶ್ರೀ” ಹಾಕಿ ಕಾರ್ಮಿಕರಿಗೆ ಬಿಟ್ಟರೆ ಇಡೀ ಸಭೆಗೆ ಅದು ಕಾಣುತ್ತದೆ. ಹಾಕಿದರೆ ಎಲ್ಲರಿಗೂ, ಬಿಟ್ಟರೆ ಎಲ್ಲರಿಗೂ ಎಂದು ಶೀಟ್‌ನ ತಲೆಯಲ್ಲೇ ಬರೆದಿಡಬೇಕು. ಹುದ್ದೆಯನ್ನು ಪ್ರದರ್ಶನಕ್ಕೆ ಒಂದು ವಾರ ಮುಂಚೆ ಮತ್ತೊಮ್ಮೆ ಕೇಳಬೇಕು, ಚಿತ್ರೀಕರಣಕ್ಕೂ ಸಭೆಗೂ ನಡುವೆ ಬಡ್ತಿ ಸಿಕ್ಕಿರಬಹುದು.

ಈಗ ಅಂಕಿಯ ಕಾರ್ಡಿಗೆ ಬರೋಣ. ಕಂಪನಿಯ ವಹಿವಾಟು 2023–24ರಲ್ಲಿ 84 ಕೋಟಿ ಇದ್ದದ್ದು 2024–25ರಲ್ಲಿ 97 ಕೋಟಿಯಾಯಿತು ಎಂದಿಟ್ಟುಕೊಳ್ಳಿ. ದನಿ “ಈ ವರ್ಷ ಶೇ 15ರಷ್ಟು ಬೆಳವಣಿಗೆ” ಎನ್ನುತ್ತದೆ. ಪರದೆಯಲ್ಲಿ ಶೇ 15.5 ಎಂದಿದೆ. ಎಲ್ಲರ ಕೈಯಲ್ಲಿರುವ ಮುದ್ರಿತ ವರದಿಯಲ್ಲಿ ಶೇ 15.48. ಮೂರೂ ಒಂದೇ ಲೆಕ್ಕದಿಂದ ಬಂದವು, ಮೂರೂ ತಪ್ಪಲ್ಲ. ಆದರೆ ವರದಿ ತೆರೆದು ಕೂತ ಷೇರುದಾರನಿಗೆ ಮೂರು ಬೇರೆ ಬೇರೆ ಕಂಪನಿಗಳ ಅಂಕಿಯಂತೆ ಕಾಣುತ್ತವೆ. ದಶಮಾಂಶ ಎಷ್ಟು ಸ್ಥಾನ ಎಂದು ಮೊದಲೇ ನಿರ್ಧರಿಸಿ ದನಿಗೂ ಪರದೆಗೂ ಅದನ್ನೇ ಬರೆಯಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಅದು ವಾರ್ಷಿಕ ವರದಿಯ ಯಾವ ಪುಟದಿಂದ ಬಂತು ಎಂದು ಗುರುತಿಸುವ ಒಂದು ಕಲಮು ಇರಲಿ. ಪುಟ ಸಂಖ್ಯೆ ಬರೆಯಲು ಆಗದ ಅಂಕಿ ಪರದೆಗೆ ಹೋಗಬಾರದು.

“ಈ ವರ್ಷ” ಎಂಬುದೂ ಇಲ್ಲಿ ಜಾರುವ ಮಾತು. ನಮ್ಮ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. 2013ರ ಕಂಪನಿ ಕಾಯ್ದೆಯ 96ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಅದಾದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಯಬೇಕು. ಹಾಗಾಗಿ ವಿಡಿಯೊ ನೋಡುವ ದಿನ ಮುಂದಿನ ಹಣಕಾಸು ವರ್ಷದ ಐದಾರು ತಿಂಗಳು ಕಳೆದಿರುತ್ತದೆ. ಕೂತವರ ಪಾಲಿಗೆ “ಈ ವರ್ಷ” ಅಂದರೆ ಈಗ ನಡೆಯುತ್ತಿರುವುದು. ದನಿ “ವರದಿಯ ವರ್ಷದಲ್ಲಿ” ಎನ್ನಲಿ, ಕಾರ್ಡಿನಲ್ಲಿ 2024–25 ಎಂದು ಅಂಕಿಯಲ್ಲೇ ಇರಲಿ.

ಅಂಕಿಯನ್ನು ಸೊನ್ನೆಯಿಂದ ಸರಸರನೆ ಏರಿಸಿ 97ಕ್ಕೆ ನಿಲ್ಲಿಸುವ ಚಲನೆ ಎಲ್ಲ ಸ್ಟುಡಿಯೊಗಳಿಗೂ ಇಷ್ಟ. ಅಂಕಿ ಓಡುತ್ತಿರುವಾಗ ಯಾರಿಗೂ ಓದಲಾಗುವುದಿಲ್ಲ. ನಿಂತ ಮೇಲೆ ಕನಿಷ್ಠ ಮೂರು ಸೆಕೆಂಡು ಹಿಡಿಯಬೇಕು ಎಂದು ಶೀಟ್‌ನಲ್ಲಿ ಬರೆಯದಿದ್ದರೆ ಓಟಕ್ಕೆ ಮೂರು, ನಿಲುಗಡೆಗೆ ಒಂದು ಸೆಕೆಂಡು ಸಿಗುತ್ತದೆ. ಕಂಬದ ನಕ್ಷೆ ಹಾಕುವುದಾದರೆ ಕಂಬಗಳು ಸೊನ್ನೆಯಿಂದ ಶುರುವಾಗಲಿ ಎಂದೂ ಬರೆಯಬೇಕು. ಚಂದ ಕಾಣಲೆಂದು ತಳವನ್ನು 80ಕ್ಕೆ ಇಟ್ಟರೆ ಮೊದಲ ಕಂಬದ ಎತ್ತರ 4, ಎರಡನೆಯದು 17. ಶೇ 15ರ ಬೆಳವಣಿಗೆ ಕಣ್ಣಿಗೆ ನಾಲ್ಕು ಪಟ್ಟಿಗಿಂತ ಹೆಚ್ಚಾಗಿ ಕಾಣುತ್ತದೆ. ಅದು ಷೇರುದಾರರಿಗೆ ಮಾಡುವ ಮೋಸ. ಅಲಂಕಾರ ಎಂದು ಬಿಟ್ಟುಬಿಡುವ ವಿಷಯವಲ್ಲ.

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಾದರೆ ಇನ್ನೊಂದು ಎಚ್ಚರಿಕೆ. ಪ್ರಕಟವಾಗದ ಫಲಿತಾಂಶ ಬೆಲೆ ಮೇಲೆ ಪರಿಣಾಮ ಬೀರುವ ಮಾಹಿತಿ. ಒಳಗಿನ ಮಾಹಿತಿಯ ವ್ಯಾಪಾರ ತಡೆಯುವ ಸೆಬಿಯ 2015ರ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ಅಂಥ ಅಂಕಿಯನ್ನು ಹೊರಗಿನ ಸ್ಟುಡಿಯೊಗೆ ಮುಂಚಿತವಾಗಿ ಕಳಿಸಬಾರದು. ಕೆಲಸ ನಿಲ್ಲಬಾರದೆಂದು ಕಾರ್ಡಿನಲ್ಲಿ ₹00 ಕೋಟಿ ಎಂದು ಹಾಕಿ ಎಡಿಟ್ ಮುಂದುವರಿಸುತ್ತಾರೆ. ಆ ಸೊನ್ನೆಗಳು ಕಡುಗೆಂಪು ಬಣ್ಣದಲ್ಲಿರಲಿ. ಉಳಿದ ಅಕ್ಷರಗಳ ಬಣ್ಣದಲ್ಲೇ ಇದ್ದರೆ ಎಲ್ಲರ ಕಣ್ಣು ತಪ್ಪಿಸಿ ಕೊನೆಯ ಪ್ರತಿಯ ತನಕ ಹೋಗುತ್ತವೆ.

ದೃಶ್ಯ ದಾಟಿಸುವ ಸೂಚನೆಗಳನ್ನು ಬರೆಯುವಾಗ ಹೊಸಬರು ತಂತ್ರದ ಹೆಸರನ್ನಷ್ಟೇ ಬರೆಯುತ್ತಾರೆ: ಡಿಸಾಲ್ವ್, ವೈಪ್, ಫೇಡ್. ಎಡಿಟರ್‌ಗೆ ಬೇಕಾದ್ದು ಕಾರಣ. ಕಾರಣವಿಲ್ಲದ ಕಡೆ ನೇರ ಕಟ್ ಇರಲಿ, ಅದನ್ನು ಬರೆಯುವ ಅಗತ್ಯವೂ ಇಲ್ಲ. ನಮ್ಮ ಉದಾಹರಣೆಯಲ್ಲಿ ಅಂಕಿಯ ಕಾರ್ಡು ಮುಗಿದ ಮೇಲೆ ಪೀಣ್ಯದ ಹಳೆ ಘಟಕಕ್ಕೆ ಹಿಂತಿರುಗಬೇಕು. ಆ ಜಾಗದ ಸಾಲುಗಳು ಹೀಗಿವೆ:

02:38:00–02:46:00. ಕಾರ್ಡು: ₹97 ಕೋಟಿ, ಕೆಳಗೆ ಚಿಕ್ಕದಾಗಿ 2023–24: ₹84 ಕೋಟಿ. 02:41:00ಕ್ಕೆ ಅಂಕಿ ನಿಲ್ಲಬೇಕು.
02:46:12. ಪೀಣ್ಯಕ್ಕೆ ಡಿಸಾಲ್ವ್, 20 ಫ್ರೇಮ್. ಕಾರಣ: ಹೊಸ ಘಟಕದಿಂದ ಹಳೆಯದಕ್ಕೆ, ಅದೇ ವಾಲ್ವ್ ಎರಡೂ ಕಡೆ. ಪೀಣ್ಯದ ಯಂತ್ರದ ಸದ್ದು ದೃಶ್ಯಕ್ಕಿಂತ ಒಂದು ಸೆಕೆಂಡು ಮೊದಲೇ ಕೇಳಲಿ.

“ಅದೇ ವಾಲ್ವ್” ಎಂದು ಬರೆದದ್ದರಿಂದ ಎಡಿಟರ್ ಎರಡೂ ಕಡೆ ವಾಲ್ವ್ ಪರದೆಯ ಒಂದೇ ಜಾಗದಲ್ಲಿರುವ ದೃಶ್ಯಗಳನ್ನು ಆರಿಸುತ್ತಾರೆ. ಕಾರ್ಡು 02:46:00ಕ್ಕೆ ಹೋಗಿ ಡಿಸಾಲ್ವ್ 12 ಫ್ರೇಮ್ ಬಿಟ್ಟು ಶುರುವಾಗುವುದಕ್ಕೂ ಕಾರಣವಿದೆ. ಒಂದು ದೃಶ್ಯ ಇನ್ನೊಂದರಲ್ಲಿ ಕರಗುತ್ತಿರುವಾಗ ಮೇಲೆ ಅಕ್ಷರವಿದ್ದರೆ ಎರಡು ದೃಶ್ಯ, ಒಂದು ಬರಹ ಕಲಸಿಕೊಂಡು ಏನೂ ಓದಲಾಗುವುದಿಲ್ಲ.

ಡಿಸಾಲ್ವ್‌ಗೆ ಒಂದು ಭೌತಿಕ ಮಿತಿಯಿದೆ, ಅದು ಚಿತ್ರೀಕರಣದ ದಿನವೇ ತಿಳಿದಿರಬೇಕು. 20 ಫ್ರೇಮ್‌ನ ಡಿಸಾಲ್ವ್ ಕಟ್‌ನ ಎರಡೂ ಬದಿಗೆ ಹತ್ತು ಹತ್ತು ಫ್ರೇಮ್ ಹರಡುವುದಾದರೆ ಎರಡೂ ದೃಶ್ಯಗಳಲ್ಲಿ ಕಟ್‌ನ ಆಚೆಗೆ ಅಷ್ಟು ಹೆಚ್ಚುವರಿ ತುಣುಕು ಇರಲೇಬೇಕು. ಮಾತಾಡುವವರು ಕೊನೆಯ ಪದ ಮುಗಿಸಿದ ಕೂಡಲೇ ಕ್ಯಾಮೆರಾ ನಿಲ್ಲಿಸಿದ್ದರೆ ಆ ತುಣುಕು ಇರುವುದಿಲ್ಲ, ಅಥವಾ ಅದರಲ್ಲಿ ಅವರು “ಸರಿ ಹೋಯ್ತಾ ಸರ್?” ಎಂದು ಕೇಳುತ್ತಿರುತ್ತಾರೆ. ಮಾತು ಮುಗಿದ ಮೇಲೆ ಎರಡು ಸೆಕೆಂಡು ಹಾಗೇ ಕ್ಯಾಮೆರಾ ನೋಡುತ್ತಿರಿ ಎಂದು ಮೊದಲೇ ಕೇಳಿಕೊಂಡರೆ ಈ ತೊಂದರೆ ಇಲ್ಲ.

ದಾಟಿಸುವ ಸೂಚನೆ ಅತಿ ಹೆಚ್ಚು ಎಚ್ಚರ ಬೇಡುವುದು ಆ ವರ್ಷ ತೀರಿಕೊಂಡ ಸಹೋದ್ಯೋಗಿಗಳನ್ನು ನೆನೆಯುವ ಭಾಗದಲ್ಲಿ. ಇದನ್ನು ಸುರಕ್ಷತೆಯ ಅಂಕಿಅಂಶಗಳ ಪಕ್ಕದಲ್ಲಿ ಇಡಲೇಬಾರದು. “ಅಪಘಾತರಹಿತ ದಿನಗಳು” ಎಂಬ ಕಾರ್ಡು ಸಂಭ್ರಮದ ಸಂಗೀತದೊಂದಿಗೆ ಮುಗಿದು ಮುಂದಿನ ಕ್ಷಣವೇ ತೀರಿಹೋದವರ ಭಾವಚಿತ್ರ ಬಂದರೆ, ಅವರು ಕಾಯಿಲೆಯಿಂದ ತೀರಿಕೊಂಡಿದ್ದರೂ ಸಭೆಯಲ್ಲಿ ಕೂತ ಮನೆಯವರಿಗೆ ಆ ಜೋಡಣೆ ನೋಯುತ್ತದೆ. ಶೀಟ್‌ನಲ್ಲಿ ಹೀಗೆ ಬರೆಯಬೇಕು: ಹಿಂದಿನ ಸಂಗೀತ ಪೂರ್ತಿ ಮುಗಿಯಲಿ, ಎರಡು ಸೆಕೆಂಡು ಕಪ್ಪು, ಆಮೇಲೆ ಹೆಸರುಗಳು. ಹೆಸರು, ವಿಭಾಗ, ಸೇವೆಯ ವರ್ಷಗಳು ಮಾತ್ರ. ಚಲಿಸುವ ಲಾಂಛನ ಬೇಡ, ಅಕ್ಷರ ಹಾರಿ ಬರುವುದು ಬೇಡ. ಒಬ್ಬೊಬ್ಬರಿಗೆ ಐದು ಸೆಕೆಂಡಿಗಿಂತ ಕಡಿಮೆ ಬೇಡ. ಹನ್ನೆರಡು ಹೆಸರಿದ್ದರೆ ಒಂದು ನಿಮಿಷ ಹೋಗುತ್ತದೆ. ಸಮಯ ಸಾಲದೆಂದು ಯಾರಾದರೂ ಹೇಳಿದರೆ ಬೇರೆ ಕಡೆ ಕತ್ತರಿಸಬೇಕು, ಇಲ್ಲಿ ಅಲ್ಲ. ಮನೆಯವರ ಒಪ್ಪಿಗೆ ಪಡೆದದ್ದನ್ನೂ ಅದೇ ಸಾಲಿನಲ್ಲಿ ಗುರುತಿಸಬೇಕು.

ಕನ್ನಡದಲ್ಲಿ ಇದನ್ನೆಲ್ಲ ಮಾಡುವಾಗ ಅಕ್ಷರದ ಆಕಾರದಿಂದ ಬರುವ ತೊಡಕುಗಳು ಬೇರೆ. ಗ್ರಾಫಿಕ್ಸ್ ಸ್ಟುಡಿಯೊಗಳ ಸಿದ್ಧ ಮಾದರಿಗಳು ಇಂಗ್ಲಿಷಿಗೆ ಮಾಡಿದಂಥವು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುರುತುಗಳು ಮೇಲೆ ಏರುತ್ತವೆ. ಇಂಗ್ಲಿಷಿನ ಸಾಲಿನಂತರದಲ್ಲೇ ಎರಡು ಸಾಲು ಹಾಕಿದರೆ ಹೆಸರಿನ ಒತ್ತು ಹುದ್ದೆಯ ತಲೆಗೆ ತಾಗುತ್ತದೆ. ಅಂತರವನ್ನು ಹೆಚ್ಚಿಸಿದಾಗ ಪಟ್ಟಿಯ ಎತ್ತರ ಬೆಳೆಯುತ್ತದೆ, ಅದು ಮಾತಾಡುವವರ ಗಲ್ಲದ ತನಕ ಬರಬಹುದು. ಹಾಗಾಗಿ ವಿನ್ಯಾಸ ಮಾಡುವವರಿಗೆ ಮಾದರಿ ಪದವಾಗಿ “ಹೆಸರು ಇಲ್ಲಿ” ಎಂದು ಕೊಡಬಾರದು, “ಲಕ್ಷ್ಮೀಶ, ಸಾಮರ್ಥ್ಯಾಭಿವೃದ್ಧಿ ವ್ಯವಸ್ಥಾಪಕ” ಎಂಬಂಥದ್ದನ್ನು ಕೊಡಬೇಕು. ಅದು ಸರಿಯಾಗಿ ಕೂತರೆ ಉಳಿದದ್ದೂ ಕೂರುತ್ತದೆ.

ಅಕ್ಷರಗಳು ಒಂದೊಂದಾಗಿ ಮೂಡುವ ಟೈಪ್‌ರೈಟರ್ ಚಲನೆ ಕನ್ನಡಕ್ಕೆ ಒಗ್ಗದು. “ಸ್ತ್ರೀ” ಎಂಬುದು ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಒಂದೊಂದಾಗಿ ಬಂದರೆ ನಡುವೆ ಅರ್ಥವಿಲ್ಲದ ಆಕಾರಗಳು ಮಿನುಗುತ್ತವೆ. ಇಡೀ ಪದ ಅಥವಾ ಇಡೀ ಸಾಲು ಒಟ್ಟಿಗೆ ಮೂಡಲಿ ಎಂದು ಶೀಟ್‌ನಲ್ಲಿ ಬರೆಯಬೇಕು. ಒತ್ತು ಕೂಡಿಕೊಳ್ಳದೆ “ಸಾಮರ್‌ಥ್‌ಯ” ಎಂದು ಬಿಡಿಬಿಡಿಯಾಗಿ ಕಂಡರೆ ಅಡೋಬಿಯ ಪ್ರೀಮಿಯರ್‌ನಲ್ಲಾಗಲಿ ಆಫ್ಟರ್ ಎಫೆಕ್ಟ್ಸ್‌ನಲ್ಲಾಗಲಿ ಪಠ್ಯದ ಆಯ್ಕೆ ಭಾರತೀಯ ಲಿಪಿಗಳಿಗೆ ಹೊಂದುವಂತಿದೆಯೇ ನೋಡಬೇಕು. ಕಚೇರಿಯಿಂದ ಬಂದ ಹೆಸರುಗಳು ಹಳೆಯ ನುಡಿ ಅಥವಾ ಬರಹ ಫಾಂಟಿನವಾದರೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣಿಸುತ್ತದೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದು ಸಲ ಕಣ್ಣಿಟ್ಟು ಓದುವುದು ಕ್ಷೇಮ.

ಉಳಿದದ್ದು ಜಾಗದ ಪ್ರಶ್ನೆ. 1920×1080ರ ಪರದೆಯಲ್ಲಿ ಅಕ್ಷರಗಳು ಅಂಚಿನಿಂದ ಶೇ 5ರಷ್ಟು ಒಳಗಿರಬೇಕು ಎಂಬುದು ಪ್ರಸಾರದ ರೂಢಿ. ಅಂದರೆ ಎಡಬಲಕ್ಕೆ 96, ಮೇಲೆ ಕೆಳಗೆ 54 ಪಿಕ್ಸೆಲ್ ಬಿಡಬೇಕು. ಸಭಾಂಗಣಕ್ಕೆ ಇದು ಸಾಲದು. ಪರದೆಯ ಮುಂದೆ ವೇದಿಕೆಯ ಹೂಕುಂಡ, ಭಾಷಣದ ಪೀಠ, ಮುಂದಿನ ಸಾಲಿನವರ ತಲೆ ಇರುತ್ತವೆ. ಸಮತಟ್ಟಾದ ನೆಲದ ಹಾಲ್‌ನಲ್ಲಿ ಹಿಂದೆ ಕೂತವರಿಗೆ ಪರದೆಯ ಕೆಳಭಾಗವೇ ಮರೆಯಾಗುತ್ತದೆ. ಹಾಲ್‌ನ ಒಂದು ಫೋಟೊವನ್ನು ಕೊನೆಯ ಸಾಲಿನಿಂದ ತೆಗೆಸಿಕೊಂಡು ಪಟ್ಟಿಯನ್ನು ಎಷ್ಟು ಮೇಲೆತ್ತಬೇಕೆಂದು ನಿರ್ಧರಿಸಬಹುದು. ಅದೇ ವಿಡಿಯೊ ಯೂಟ್ಯೂಬಿಗೆ ಹೋದಾಗ ಕೆಳಗಿನ ಜಾಗಕ್ಕೆ ಉಪಶೀರ್ಷಿಕೆಗಳು ಬರುತ್ತವೆ. ಹೆಸರಿನ ಪಟ್ಟಿ ಇರುವ ಐದು ಸೆಕೆಂಡು ಅವು ಮೇಲೆ ಹೋಗಬೇಕು. ಫೋನಿನ ಉದ್ದನೆ ಪರದೆಗೆ ಕತ್ತರಿಸಿದಾಗ 1920 ಪಿಕ್ಸೆಲ್ ಅಗಲದಲ್ಲಿ ಉಳಿಯುವುದು ಸುಮಾರು 608, ಅಂದರೆ ಎಡಗಡೆಯ ಪಟ್ಟಿ ಪೂರ್ತಿ ಹೊರಗೆ ಉಳಿಯುತ್ತದೆ.

ಇದಕ್ಕಾಗಿ ಸ್ಟುಡಿಯೊದಿಂದ ಪಡೆಯುವಾಗ ಅಕ್ಷರವಿಲ್ಲದ ಪ್ರತಿಯನ್ನೂ ಕೇಳಿ ಪಡೆಯಬೇಕು. ದೃಶ್ಯ, ದನಿ, ಸಂಗೀತ ಎಲ್ಲ ಇದ್ದು ಬರಹ ಮಾತ್ರ ಇಲ್ಲದ ಫೈಲ್ ಅದು. ಗ್ರಾಫಿಕ್ಸ್ ಶೀಟ್‌ನಲ್ಲಿ ಕನ್ನಡದ ಪಕ್ಕಕ್ಕೆ ಇಂಗ್ಲಿಷಿನ ಕಲಮು ಇದ್ದರೆ ಹೊರರಾಜ್ಯದ ಕಚೇರಿಗಳಿಗೆ ಬೇಕಾದ ಪ್ರತಿಯನ್ನು ಅದೇ ಸಮಯಗಳನ್ನು ಹಿಡಿದು ಮತ್ತೆ ಎಡಿಟ್ ಮಾಡದೆ ತಯಾರಿಸಬಹುದು. ಸಭೆಯ ಹಿಂದಿನ ದಿನ ಲೆಕ್ಕಪರಿಶೋಧಕರು ಒಂದು ಅಂಕಿ ಬದಲಿಸಿದರೂ ಆ ಕಾರ್ಡಿನ ಎಂಟು ಸೆಕೆಂಡನ್ನಷ್ಟೇ ಹೊಸದಾಗಿ ಕೂರಿಸಿ, ದನಿಯಲ್ಲೂ ಅದೇ ಅಂಕಿ ಇದ್ದರೆ ಆ ಒಂದು ವಾಕ್ಯವನ್ನು ಮತ್ತೆ ಓದಿಸಿದರೆ ಆಯಿತು.